ಕಾಸ್ಟ್ ಶೀಟ್ ಪ್ರಕಾರ ಒಂದು ಬಾಕ್ಸ್‌ಗೆ ₹987. ಆದರೂ ವರ್ಷದ ಕೊನೆಗೆ ಏನೂ ಉಳಿಯುತ್ತಿಲ್ಲ. ಎಲ್ಲಿ ಸೋರುತ್ತಿದೆ?

ಶೀಟ್‌ಮೆಟಲ್_ಮೈಸೂರು

ನಮಸ್ಕಾರ ಎಲ್ಲರಿಗೂ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೀಟ್ ಮೆಟಲ್ ಯುನಿಟ್. ನಾನು ಅಲ್ಲಿ ಲೆಕ್ಕ ನೋಡಿಕೊಳ್ಳುವವಳು, ಸೇರಿ ಇನ್ನೂ ಹೆಚ್ಚು ದಿನ ಆಗಿಲ್ಲ. ಎಲೆಕ್ಟ್ರಿಕಲ್ ಪ್ಯಾನೆಲ್ ಬಾಕ್ಸ್ ಮಾಡುತ್ತೇವೆ. ಕೆಲಸಗಾರರು 10 ಜನ. ಕಟಿಂಗ್, ಬೆಂಡಿಂಗ್, ವೆಲ್ಡಿಂಗ್, ಗ್ರೈಂಡಿಂಗ್, ಜೋಡಣೆ ಎಲ್ಲ ನಮ್ಮಲ್ಲೇ. ಪೌಡರ್ ಕೋಟಿಂಗ್ ಮಾತ್ರ ಹೊರಗೆ ಕೊಡುತ್ತೇವೆ.

ಹಳೇ ಅಕೌಂಟೆಂಟ್ ಬಿಟ್ಟು ಹೋದ ಎಕ್ಸೆಲ್ ಫೈಲ್‌ನಿಂದಲೇ ಎಲ್ಲ ಕೊಟೇಷನ್ ಹೋಗುತ್ತಿದೆ. ಓವರ್‌ಹೆಡ್ ಹಾಕುವುದು ಕೆಲಸಗಾರರ ಗಂಟೆ ಮೇಲೆ. 400 x 300 x 150 ಬಾಕ್ಸ್‌ನ ಇತ್ತೀಚಿನ ಆರ್ಡರ್ ಹೀಗಿದೆ. ಆರ್ಡರ್ 200, ಹಾಕಿದ್ದು 210.

ಮಾಲು (ಶೀಟ್, ಹಿಂಜ್, ಲಾಕ್, ಗ್ಯಾಸ್ಕೆಟ್): ₹1,34,400
ಕೂಲಿ, 335 ಗಂಟೆ x ₹100: ₹33,500
ಪೌಡರ್ ಕೋಟಿಂಗ್, 210 x ₹60: ₹12,600
ಫ್ಯಾಕ್ಟರಿ ಓವರ್‌ಹೆಡ್, 335 ಗಂಟೆ x ₹80: ₹26,800
ಒಟ್ಟು: ₹2,07,300
ಒಂದು ಬಾಕ್ಸ್‌ಗೆ (ಭಾಗಿಸು 210): ₹987

ಇದರ ಮೇಲೆ 12% ಹಾಕಿ ₹1,105ಕ್ಕೆ ಕೊಟ್ಟಿದ್ದಾರೆ. ಆ 12%ರಲ್ಲೇ ಆಫೀಸ್ ಖರ್ಚು, ಲಾಭ ಎರಡೂ ಬರಬೇಕು. ಕೂಡುವುದು, ಗುಣಿಸುವುದು ಎಲ್ಲ ಕ್ಯಾಲ್ಕುಲೇಟರ್ ಹಿಡಿದು ನೋಡಿದೆ, ಸರಿಯಾಗಿದೆ. ಪ್ರತಿ ಆರ್ಡರ್‌ನಲ್ಲೂ ಶೀಟ್ ಲಾಭ ತೋರಿಸುತ್ತದೆ. ಆಡಿಟರ್ ತೋರಿಸುವ ಲಾಭ ನಷ್ಟದ ಪತ್ರದಲ್ಲಿ ಮಾತ್ರ ಲಾಭ ಇಲ್ಲ. ಇದನ್ನು ಎಲ್ಲಿಂದ ಚೆಕ್ ಮಾಡಲಿ?

ಪೀಣ್ಯ_ಪ್ರೆಸ್‌ಶಾಪ್

ಒಂದು ಬಾಕ್ಸ್‌ಗೆ ಒಂದೂವರೆ ಗಂಟೆಗೂ ಜಾಸ್ತಿ? ಅದೇ ನಿಮ್ಮ ಕಾಯಿಲೆ. ನಮ್ಮಲ್ಲಿ ಈ ಸೈಜಿಗೆ ಒಂದೇ ಗಂಟೆ. ವೆಲ್ಡಿಂಗ್ ಫಿಕ್ಸ್‌ಚರ್ ಮಾಡಿಸಿಕೊಳ್ಳಿ. ಗಂಟೆ ಇಳಿದರೆ ಕೂಲಿಯೂ ಇಳಿಯುತ್ತದೆ, ಓವರ್‌ಹೆಡ್ಡೂ ಇಳಿಯುತ್ತದೆ.

ಶೀಟ್‌ಮೆಟಲ್_ಮೈಸೂರು

ಸರ್, ಫಿಕ್ಸ್‌ಚರ್ ವಿಷಯ ಮಾಲೀಕರಿಗೆ ಹೇಳುತ್ತೇನೆ. ನನ್ನ ಪ್ರಶ್ನೆ ಬೇರೆ. ಈಗ ಆಗುತ್ತಿರುವ ಕೆಲಸಕ್ಕೆ ಆಗುತ್ತಿರುವ ಖರ್ಚನ್ನು ಶೀಟ್ ಸರಿಯಾಗಿ ಹೇಳುತ್ತಿದೆಯಾ ಅಂತ.

ಗಂಟೆಲೆಕ್ಕ

ಪೀಣ್ಯದವರ ಮಾತಿನಲ್ಲಿ ಒಂದು ತೊಡಕಿದೆ. ಬಾಕ್ಸ್‌ನ ಗಂಟೆ ಇಳಿದರೆ ಶೀಟ್‌ನಲ್ಲಿ ಓವರ್‌ಹೆಡ್ ಇಳಿದ ಹಾಗೆ ಕಾಣುತ್ತದೆ, ನಿಜ. ಆದರೆ ಶೆಡ್ಡಿನ ಬಾಡಿಗೆ ಇಳಿಯುವುದಿಲ್ಲ. ಉಳಿದ ಗಂಟೆಗೆ ಬೇರೆ ಕೆಲಸ ಸಿಕ್ಕರೆ ಮಾತ್ರ ಲಾಭ.

ಮೇಡಂ, ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ. ಇಂಥ ಶೀಟ್‌ನಲ್ಲಿ ತಪ್ಪು ಕೂಡುವುದರಲ್ಲಿ ಸಿಗುವುದಿಲ್ಲ. ಎರಡು ವಿಷಯ ಹೇಳಿ.

ಮೊದಲನೆಯದು, ಆ ₹80 ಎಲ್ಲಿಂದ ಬಂತು? ಆ ಸೆಲ್‌ನಲ್ಲಿರುವ ಫಾರ್ಮುಲಾ ಹಾಗೇ ಇಲ್ಲಿ ಹಾಕಿ. ₹80 ಅಂತ ಬರೀ ಅಂಕಿ ಟೈಪ್ ಮಾಡಿಟ್ಟಿದ್ದರೆ ಅದನ್ನೂ ಹೇಳಿ.

ಎರಡನೆಯದು, 335 ಗಂಟೆ ಯಾವ ಪುಸ್ತಕದಿಂದ ಬಂತು? 210 ಬಾಕ್ಸ್‌ಗೆ 335 ಅಂದರೆ ಒಂದಕ್ಕೆ 1.595 ಗಂಟೆ. ಯಾವ ಆರ್ಡರ್‌ಗೆ ಎಷ್ಟು ಗಂಟೆ ಹೋಯಿತು ಅಂತ ಬರೆಯುವ ಜಾಬ್ ಕಾರ್ಡ್ ಇಷ್ಟು ವಿಚಿತ್ರ ಅಂಕಿ ಕೊಡುವುದು ಕಡಿಮೆ.

ಶೀಟ್‌ಮೆಟಲ್_ಮೈಸೂರು

ಸೆಲ್‌ನಲ್ಲಿ ಹೀಗಿದೆ:

```
=B14/(10*300*8)
```

B14 ಅಂದರೆ ವರ್ಷದ ಫ್ಯಾಕ್ಟರಿ ಓವರ್‌ಹೆಡ್, ₹19,20,000. ಶೆಡ್ ಬಾಡಿಗೆ 4,80,000. ಸೂಪರ್‌ವೈಸರ್ ಮತ್ತು ಸ್ಟೋರ್ಸ್‌ನವರ ಸಂಬಳ 6,60,000. ಕರೆಂಟ್ 2,40,000. ಸವಕಳಿ 2,70,000. ಗ್ಯಾಸ್, ವೆಲ್ಡಿಂಗ್ ವೈರ್, ಗ್ರೈಂಡಿಂಗ್ ವೀಲ್ 1,50,000. ರಿಪೇರಿ, ವಿಮೆ 1,20,000. ಇವನ್ನು ಲೆಡ್ಜರ್ ಜೊತೆ ಹೋಲಿಸಿದೆ, ಹೊಂದುತ್ತದೆ. ಆಫೀಸ್ ಸಂಬಳ, ಸೇಲ್ಸ್ ಖರ್ಚು ಇದರಲ್ಲಿ ಸೇರಿಲ್ಲ. ಕೂಲಿಯ ₹100ರಲ್ಲಿ ಪಿಎಫ್, ಇಎಸ್‌ಐ ಸೇರಿದೆ.

335 ಬಂದದ್ದು ಹಾಜರಿ ಶೀಟ್‌ನಿಂದ. ಜಾಬ್ ಕಾರ್ಡ್ ತೆಗೆದು ನೋಡಿದರೆ ಅದರಲ್ಲಿ 315 ಇದೆ! ಬಾಕ್ಸ್‌ಗೆ ಸರಿಯಾಗಿ ಒಂದೂವರೆ ಗಂಟೆ. ಉಳಿದ 20 ಎಲ್ಲಿಂದ ಬಂತೋ ಗೊತ್ತಾಗುತ್ತಿಲ್ಲ.

ಸ್ಟೋರ್ಸ್_ಮಂಜ

ಅಕ್ಕ, ಓಟಿ ನೋಡಿ. ನಮ್ಮ ಹಳೇ ಕಂಪನಿಯಲ್ಲಿ ಹಾಜರಿ ಬರೆಯುವವರು 2 ಗಂಟೆ ಓಟಿ ಮಾಡಿದರೆ 4 ಅಂತ ಬರೆಯುತ್ತಿದ್ದರು. ಓಟಿಗೆ ಡಬಲ್ ಕೂಲಿ ಅಲ್ವಾ, ಹಾಗೆ ಬರೆದರೆ ಸಂಬಳ ಮಾಡುವವರಿಗೆ ಸುಲಭ.

ಶೀಟ್‌ಮೆಟಲ್_ಮೈಸೂರು

ಮಂಜಣ್ಣ, ಅದೇ! ಈ ಆರ್ಡರ್‌ಗೆ ಓಟಿ 20 ಗಂಟೆ ಆಗಿದೆ. ಹಾಜರಿಯಲ್ಲಿ 40 ಅಂತ ಬಿದ್ದಿದೆ. 295 + 40 = 335.

ಗಂಟೆಲೆಕ್ಕ

ಮಂಜ ಅವರೇ, ಭೇಷ್.

ಕೂಲಿ ₹33,500 ಸರಿಯಾಗಿಯೇ ಇದೆ, ಅಷ್ಟು ದುಡ್ಡು ಕೊಟ್ಟಿದ್ದೀರಿ. ಆದರೆ ಓಟಿ ಮಾಡಿದವನು 20 ಗಂಟೆ ಶೆಡ್ಡಿನಲ್ಲಿದ್ದ, 40 ಗಂಟೆ ಅಲ್ಲ. ಡಬಲ್ ಆದದ್ದು ದುಡ್ಡು. ಗಂಟೆ ಡಬಲ್ ಆಗಲಿಲ್ಲ. ಹಾಗಾಗಿ ಓವರ್‌ಹೆಡ್ ಹಾಕಬೇಕಾದದ್ದು 315ರ ಮೇಲೆ.

ಕೂಲಿಯನ್ನು ಎರಡು ಸಾಲಾಗಿ ಬರೆಯಿರಿ. 315 x 100 = ₹31,500 ಒಂದು ಸಾಲು. ಓಟಿಯ ಹೆಚ್ಚುವರಿ ₹2,000 ಇನ್ನೊಂದು ಸಾಲು. ಈ ಓಟಿ ಯಾಕೆ ಆಯಿತು ಅಂತ ಆಮೇಲೆ ಕೇಳುತ್ತೇನೆ, ಅದಕ್ಕೆ ಬೇರೆ ಸಾಲು ಬೇಕು.

ಈ ತಪ್ಪು ಸಣ್ಣದು. ಅದೂ ಅಲ್ಲದೆ ಇದರಿಂದ ಖರ್ಚು ಜಾಸ್ತಿ ಕಾಣುತ್ತಿತ್ತು. ನಿಮ್ಮ ಲಾಭ ತಿನ್ನುತ್ತಿರುವುದು ಆ `10*300*8`.

ಅದು 24,000 ಗಂಟೆ. 10 ಜನ, 300 ದಿನ, ದಿನಕ್ಕೆ 8 ಗಂಟೆ. ಅಂದರೆ ನೀವು ಸಂಬಳ ಕೊಡುವ ಗಂಟೆ. ಈಗ ಹೇಳಿ, ಕಳೆದ ವರ್ಷದ ಎಲ್ಲ ಜಾಬ್ ಕಾರ್ಡ್‌ಗಳ ಗಂಟೆ ಕೂಡಿದರೆ 24,000 ಬರುತ್ತದಾ?

ಶೀಟ್‌ಮೆಟಲ್_ಮೈಸೂರು

ಕಾರ್ಡ್‌ಗಳೆಲ್ಲ ಒಂದು ಶೀಟ್‌ನಲ್ಲಿ ಎಂಟ್ರಿ ಆಗಿವೆ, ಪುಣ್ಯ. ಕೂಡಿದೆ. 19,200ಕ್ಕೆ ಹತ್ತಿರ ಹತ್ತಿರ ಬರುತ್ತದೆ, ಹಾಗೇ ಇಟ್ಟುಕೊಳ್ಳೋಣ. ಇಷ್ಟು ಕಡಿಮೆ ಯಾಕೆ? ಕಾರ್ಡ್ ಸರಿಯಾಗಿ ಬರೆಯುತ್ತಿಲ್ಲವಾ?

ಗಂಟೆಲೆಕ್ಕ

ಬರೆಯುತ್ತಿದ್ದಾರೆ. ಸಂಬಳದ ಗಂಟೆಯಲ್ಲಿ 80% ಕೆಲಸಕ್ಕೆ ಬಿದ್ದರೆ ಸಣ್ಣ ಯುನಿಟ್‌ಗೆ ಕೆಟ್ಟದ್ದೇನಲ್ಲ. ಉಳಿದದ್ದು ಸಂಬಳದ ರಜೆ, ಟೀ, ಶೀಟ್ ಬರುವವರೆಗೆ ಕಾಯುವುದು, ಕರೆಂಟ್ ಹೋಗುವುದು, ಸಂಜೆ ಗುಡಿಸುವುದು, ಇದರಲ್ಲೆಲ್ಲ ಹೋಗುತ್ತದೆ. ಯಾವ ಜಾಬ್ ಕಾರ್ಡಿಗೂ ಇದು ಬೀಳುವುದಿಲ್ಲ.

ಈಗ ಶೀಟ್ ಮಾಡುತ್ತಿರುವುದನ್ನು ನೋಡಿ. ದರ ಕಂಡುಹಿಡಿಯುವಾಗ 24,000 ಸಂಬಳದ ಗಂಟೆಯಿಂದ ಭಾಗಿಸಿದೆ. ಆರ್ಡರ್‌ಗೆ ಹಾಕುವಾಗ ಆ ಆರ್ಡರ್‌ಗೆ ಕೆಲಸ ಮಾಡಿದ ಗಂಟೆಯಿಂದ ಗುಣಿಸುತ್ತಿದೆ. ಭಾಗಿಸಿದ ಗಂಟೆ ಒಂದು ಜಾತಿ, ಗುಣಿಸಿದ ಗಂಟೆ ಇನ್ನೊಂದು ಜಾತಿ.

ಇದು ನಿಮ್ಮಲ್ಲಿ ನಿಜವಾಗಿ ಆಗುತ್ತಿದೆಯಾ ಅಂತ ನೋಡಲು ಒಂದೇ ಪರೀಕ್ಷೆ ಸಾಕು. ವರ್ಷದ ಎಲ್ಲ ಆರ್ಡರ್‌ಗಳಿಗೆ ಹಾಕಿದ ಓವರ್‌ಹೆಡ್ ಕೂಡಿ, ಲೆಡ್ಜರ್ ಪಕ್ಕ ಇಡಿ. 19,200 x 80 = ₹15,36,000. ಲೆಡ್ಜರ್‌ನಲ್ಲಿ ₹19,20,000. ₹3,84,000 ಯಾವ ಬಾಕ್ಸ್‌ನ ಮೇಲೂ ಬಿದ್ದಿಲ್ಲ.

ಇಷ್ಟೇ ಅಲ್ಲ. ಕೂಲಿಯೂ ಹಾಗೇ. ವರ್ಷಕ್ಕೆ 24,000 x 100 = ₹24,00,000 ಸಂಬಳ ಕೊಟ್ಟಿದ್ದೀರಿ. ಆರ್ಡರ್‌ಗಳಿಗೆ ಬಿದ್ದದ್ದು 19,200 x 100 = ₹19,20,000. ಖಾಲಿ ಹೋದ 4,800 ಗಂಟೆಯ ₹4,80,000 ಎಲ್ಲಿ?

ಎರಡೂ ಸೇರಿ ₹8,64,000. ಆಡಿಟರ್ ಕಂಡ, ನಿಮ್ಮ ಶೀಟ್ ಕಾಣದ ದುಡ್ಡು ಅದು.

ಶೀಟ್‌ಮೆಟಲ್_ಮೈಸೂರು

ಅಯ್ಯೋ. ಮಾಲೀಕರು ಕಚ್ಚಾ ಮಾಲಿನ ರೇಟು ಏರಿದ್ದೇ ಕಾರಣ ಅಂತ ಸಪ್ಲೈಯರ್ ಜೊತೆ ಜಗಳ ಆಡುತ್ತಿದ್ದಾರೆ.

ಹಾಗಾದರೆ ಕೂಲಿ ದರ 24,00,000 / 19,200 = ₹125, ಓವರ್‌ಹೆಡ್ ದರ 19,20,000 / 19,200 = ₹100. ಸರಿನಾ? ಖಾಲಿ ಗಂಟೆಯ ₹4,80,000 ಅನ್ನು ಓವರ್‌ಹೆಡ್‌ಗೂ ಸೇರಿಸಬೇಕಾ?

ಗಂಟೆಲೆಕ್ಕ

ಸರಿ. ಸೇರಿಸಬೇಡಿ! ಒಂದು ಕಡೆ ಮಾತ್ರ. ಜಾಸ್ತಿ ಜನ ಜಾರುವುದು ಇಲ್ಲೇ.

ಒಂದು ದಾರಿ ನೀವು ಹೇಳಿದ್ದು, ಕೂಲಿ ₹125, ಓವರ್‌ಹೆಡ್ ₹100. ಇನ್ನೊಂದು ದಾರಿ, ಕೂಲಿ ₹100 ಹಾಗೇ ಬಿಡಿ, ಖಾಲಿ ಗಂಟೆಯ ಸಂಬಳ ಓವರ್‌ಹೆಡ್‌ಗೆ ಸೇರಿಸಿ. 19,20,000 + 4,80,000 = 24,00,000. ಅದನ್ನು 19,200ರಿಂದ ಭಾಗಿಸಿದರೆ ಓವರ್‌ಹೆಡ್ ₹125. ಎರಡರಲ್ಲೂ ಒಂದು ಗಂಟೆಗೆ ₹225. ನಿಮ್ಮ ಹಳೇ ಶೀಟ್ ₹180 ಹೇಳುತ್ತಿತ್ತು. ಎರಡೂ ಕಡೆ ಸೇರಿಸಿದರೆ ₹250 ಆಗುತ್ತದೆ, ಆಗ ಗಿರಾಕಿ ಕೈತಪ್ಪುತ್ತಾನೆ.

ನನಗೆ ಎರಡನೇ ದಾರಿ ಇಷ್ಟ. ಕಾರ್ಡಿನ ಮೇಲೆ ಕೆಲಸಗಾರನ ದರ ₹100 ಅಂತಲೇ ಇರುತ್ತದೆ, ಅವನೂ ನೋಡಿ ಒಪ್ಪುತ್ತಾನೆ. ಖಾಲಿ ಗಂಟೆಯ ಖರ್ಚು ಓವರ್‌ಹೆಡ್ ಪಟ್ಟಿಯಲ್ಲಿ ಒಂದು ಸಾಲಾಗಿ ಕಣ್ಣಿಗೆ ಬೀಳುತ್ತದೆ.

24,000ವನ್ನೇ ಇಟ್ಟುಕೊಳ್ಳಬೇಕು ಅಂತ ಮಾಲೀಕರು ಹಟ ಹಿಡಿದರೆ ಅದೂ ಆಗುತ್ತದೆ. ಆದರೆ ಆಗ ಒಂದು ಬಾಕ್ಸ್‌ನ ಗಂಟೆಯನ್ನೂ ಸಂಬಳದ ಗಂಟೆಯಲ್ಲಿ ಹೇಳಬೇಕು. 1.5 ಅಲ್ಲ, 1.875. 1.875 x 180 = ₹337.50. 1.5 x 225 = ₹337.50. ಒಂದೇ.

ಬಿಕಾಂ_ಬಸು_ಹುಬ್ಬಳ್ಳಿ

ಗಂಟೆಲೆಕ್ಕ ಮೇಡಂ ಹೇಳಿದ್ದು ಸರಿ, ನಿಜವಾದ ಗಂಟೆಯಿಂದಲೇ ಭಾಗಿಸಬೇಕು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕಳೆದ ವರ್ಷದ್ದು ಯಾಕೆ? ಪ್ರತಿ ತಿಂಗಳೂ ಆ ತಿಂಗಳ ಖರ್ಚು, ಆ ತಿಂಗಳ ಗಂಟೆ ತೆಗೆದುಕೊಂಡು ದರ ಹಾಕಿ. ನಾವು ಹಾಗೇ ಮಾಡುತ್ತೇವೆ. ಒಂದು ಪೈಸೆ ಲೆಡ್ಜರ್‌ನಲ್ಲಿ ಬಾಕಿ ಉಳಿಯಲ್ಲ.

ಗಂಟೆಲೆಕ್ಕ

ಬಸು, ಲೆಡ್ಜರ್ ತಾಳೆ ಆಗುತ್ತದೆ, ನಿಜ. ಬೆಲೆ ಮಾತ್ರ ಹುಚ್ಚು ಕುಣಿಯುತ್ತದೆ.

ಇವರದ್ದೇ ಅಂಕಿ ತಗೊಳ್ಳಿ. ತಿಂಗಳಿಗೆ ಓವರ್‌ಹೆಡ್ ₹1,60,000, ಸರಾಸರಿ 1,600 ಗಂಟೆ, ದರ ₹100. ಒಂದು ತಿಂಗಳು ಆರ್ಡರ್ ಕಡಿಮೆ ಬಂದು 1,200 ಗಂಟೆ ಕೆಲಸ ಆಯಿತು ಅನ್ನಿ. ಬಾಡಿಗೆ, ಸೂಪರ್‌ವೈಸರ್ ಸಂಬಳ ಅಷ್ಟೇ. ದರ ₹133 ಆಗುತ್ತದೆ. ಅದೇ ಬಾಕ್ಸ್, ಅದೇ ಕೆಲಸಗಾರ, ಆದರೆ ಬೆಲೆ ಏರಿತು. ಆರ್ಡರ್ ಬೇಕಾದ ತಿಂಗಳಲ್ಲೇ ನೀವು ದುಬಾರಿ. ಇನ್ನೂ ಆರ್ಡರ್ ಹೋಗುತ್ತದೆ, ಮುಂದಿನ ತಿಂಗಳು ದರ ಇನ್ನೂ ಏರುತ್ತದೆ.

ದಾಸ್ತಾನಿನ ಬೆಲೆ ಕಟ್ಟುವ ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಕೂಡ ಇದಕ್ಕೇ ಸ್ಥಿರ ಓವರ್‌ಹೆಡ್ ಅನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಿ ಅನ್ನುತ್ತದೆ. ಕೆಲಸ ಕಡಿಮೆ ಆಯಿತು ಅಂತ ಒಂದೊಂದು ಬಾಕ್ಸ್‌ನ ಮೇಲೆ ಜಾಸ್ತಿ ಹೇರುವ ಹಾಗಿಲ್ಲ. ಹಂಚದೆ ಉಳಿದದ್ದು ಆ ಅವಧಿಯ ಖರ್ಚು.

ಬಿಕಾಂ_ಬಸು_ಹುಬ್ಬಳ್ಳಿ

ಒಪ್ಪಿದೆ, ತಿಂಗಳ ದರ ಕೊಟೇಷನ್‌ಗೆ ಬೇಡ. ಆದರೆ ನೀವು ಹಿಡಿದ 19,200 ಕೂಡ ಕಳೆದ ವರ್ಷದ ನಿಜವಾದ ಗಂಟೆ ತಾನೇ? ಕಳೆದ ವರ್ಷವೇ ಮಂಕಾಗಿದ್ದರೆ? ಆಗ ನೀವೂ ನನ್ನ ಥರವೇ ಮಾಡಿದ ಹಾಗಾಯಿತು. ಒಂದು ತಿಂಗಳ ಬದಲು ಒಂದು ವರ್ಷ, ಅಷ್ಟೇ ವ್ಯತ್ಯಾಸ.

ಗಂಟೆಲೆಕ್ಕ

ನ್ಯಾಯವಾದ ಪ್ರಶ್ನೆ. ಮೈಸೂರಿನವರೇ, ಅದಕ್ಕೂ ಹಿಂದಿನ ವರ್ಷಗಳ ಕಾರ್ಡ್ ಗಂಟೆ ಇದೆಯಾ?

ಶೀಟ್‌ಮೆಟಲ್_ಮೈಸೂರು

ಇಲ್ಲ. ಕಾರ್ಡ್ ಪದ್ಧತಿ ಶುರುವಾದದ್ದೇ ಕಳೆದ ವರ್ಷ. ಸೂಪರ್‌ವೈಸರ್ ಪ್ರಕಾರ ಅದು ಮಾಮೂಲಿ ವರ್ಷ, ಒಂದು ದೊಡ್ಡ ಗಿರಾಕಿ ಸ್ವಲ್ಪ ದಿನ ನಿಲ್ಲಿಸಿದ್ದರು ಅಷ್ಟೇ.

ಗಂಟೆಲೆಕ್ಕ

ಹಾಗಾದರೆ ಸದ್ಯಕ್ಕೆ 19,200. ಆ ಗಿರಾಕಿ ನಿಲ್ಲಿಸಿದ್ದು ಎಷ್ಟು ಗಂಟೆ ಅಂತ ತಿಳಿದರೆ ಅದನ್ನು ಸೇರಿಸಿ ನೋಡಿ, ದರ ಸ್ವಲ್ಪ ಇಳಿಯಬಹುದು. ಮಾಮೂಲಿ ವರ್ಷ ಅಂದರೆ ಎಷ್ಟು ಗಂಟೆ ಅನ್ನುವುದು ಲೆಕ್ಕದಿಂದ ಬರುವುದಿಲ್ಲ. ಮಾಲೀಕರು, ಸೂಪರ್‌ವೈಸರ್ ಕೂತು ತೀರ್ಮಾನ ಮಾಡಬೇಕು.

ಬಳ್ಳಾರಿ_ಹೊಲಿಗೆ

ನಮ್ಮದು ಬಳ್ಳಾರಿ, ಜೀನ್ಸ್ ಹೊಲಿಗೆ. ನಮ್ಮಲ್ಲಿ ಗಂಟೆ ಲೆಕ್ಕವೇ ಇಲ್ಲ. ಪೀಸ್ ರೇಟು. ಜಿಪ್ಪರ್ ಇಷ್ಟು, ಪಾಕೆಟ್ ಇಷ್ಟು, ಬೆಲ್ಟ್ ಇಷ್ಟು. ಬಂದವರು ಎಷ್ಟು ಹೊತ್ತು ಇದ್ದರು ಅಂತ ಯಾರೂ ಬರೆಯುವುದಿಲ್ಲ. ನಾವು ಓವರ್‌ಹೆಡ್ ಅನ್ನು ಕೂಲಿಯ ಮೇಲೆ ಇಷ್ಟು ಪರ್ಸೆಂಟ್ ಅಂತ ಹಾಕುತ್ತೇವೆ. ಅದು ತಪ್ಪಾ?

ಗಂಟೆಲೆಕ್ಕ

ಎಲ್ಲ ಕೆಲಸಕ್ಕೂ ನಿಮಿಷಕ್ಕೆ ಬೀಳುವ ಕೂಲಿ ಹೆಚ್ಚು ಕಡಿಮೆ ಒಂದೇ ಆಗಿದ್ದರೆ ಪರ್ಸೆಂಟ್ ಸಾಕು. ಕಷ್ಟದ ಕೆಲಸಕ್ಕೆ ರೇಟು ಜಾಸ್ತಿ ಕೊಡುತ್ತಿದ್ದರೆ ತೊಂದರೆ. ಆ ಕೆಲಸ ಅಷ್ಟೇ ಹೊತ್ತು ಹಿಡಿದರೂ ಓವರ್‌ಹೆಡ್ ಜಾಸ್ತಿ ಹೊರುತ್ತದೆ. ಹಾಗಿದ್ದರೆ ಒಂದೊಂದು ಕೆಲಸಕ್ಕೂ ಗಡಿಯಾರ ಹಿಡಿದು ನಿಮಿಷ ಗೊತ್ತು ಮಾಡಿ, ಪೀಸ್ ಸಂಖ್ಯೆಯಿಂದ ಗುಣಿಸಿ. ಗಂಟೆ ತಾನಾಗೇ ಸಿಗುತ್ತದೆ.

ಬಳ್ಳಾರಿ_ಹೊಲಿಗೆ

ಮೇಡಂ, ಡಿಸೈನ್ ದಿನ ದಿನ ಬದಲಾಗುತ್ತದೆ. ನಿಮಿಷ ಗೊತ್ತು ಮಾಡುವಷ್ಟರಲ್ಲಿ ಆ ಪ್ಯಾಂಟ್ ಫ್ಯಾಷನ್ನೇ ಹೋಗಿರುತ್ತದೆ. ನೋಡೋಣ.

ಬ್ರೇಕ್_ಆಪರೇಟರ್

ನಾನು ಲೆಕ್ಕದವನಲ್ಲ, ಪ್ರೆಸ್ ಬ್ರೇಕ್ ಓಡಿಸುವವನು. ಒಂದು ಮಾತು. ನಿಮ್ಮಲ್ಲಿ ಬೆಂಡಿಂಗ್‌ಗೆ ಸಿಎನ್‌ಸಿ ಬ್ರೇಕ್ ಇದ್ದರೆ, ಆ ಮೆಷಿನ್ನಿನ ಖರ್ಚನ್ನು ಕೈಯಲ್ಲಿ ಗ್ರೈಂಡಿಂಗ್ ಮಾಡುವವನ ಗಂಟೆ ಮೇಲೂ ಹಾಕುತ್ತಿದ್ದೀರಿ. ಅವನು ಬ್ರೇಕ್ ಮುಟ್ಟುವುದೂ ಇಲ್ಲ. ಇದು ಹೇಗೆ ಸರಿ?

ಶೀಟ್‌ಮೆಟಲ್_ಮೈಸೂರು

ಇದೆ, ಒಂದು ಸಿಎನ್‌ಸಿ ಬ್ರೇಕ್. ಸವಕಳಿಯಲ್ಲಿ ₹1,80,000 ಅದೊಂದರದ್ದೇ. ಕರೆಂಟ್ ಸುಮಾರು ₹90,000, ರಿಪೇರಿ ₹30,000. ಒಟ್ಟು ₹3,00,000. ವರ್ಷಕ್ಕೆ 1,500 ಗಂಟೆ ಓಡುತ್ತದೆ ಅಂತ ಲಾಗ್ ಬುಕ್ ಹೇಳುತ್ತದೆ. ಈ ಆರ್ಡರ್‌ಗೆ ಓಡಿದ್ದು 24 ಗಂಟೆ.

ಗಂಟೆಲೆಕ್ಕ

ಆಪರೇಟರ್ ಅವರೇ, ಲೆಕ್ಕದವರಿಗೇ ಹೊಳೆಯದ್ದನ್ನು ಕೇಳಿದಿರಿ. ಎರಡು ರಾಶಿ ಮಾಡಿ ನೋಡೋಣ.

ಬ್ರೇಕ್ ರಾಶಿ: 3,00,000 / 1,500 = ಮೆಷಿನ್ ಗಂಟೆಗೆ ₹200.
ಉಳಿದ ರಾಶಿ, ಖಾಲಿ ಗಂಟೆಯ ಸಂಬಳ ಸೇರಿ: 21,00,000 / 19,200 = ಕೆಲಸಗಾರರ ಗಂಟೆಗೆ ₹109.375.

ಈ ಬಾಕ್ಸ್ ಆರ್ಡರ್‌ಗೆ: 24 x 200 = 4,800. 315 x 109.375 = 34,453. ಒಟ್ಟು ₹39,253. ಒಂದೇ ದರ ಹಾಕಿದ್ದರೆ 315 x 125 = ₹39,375. ವ್ಯತ್ಯಾಸ ನೂರಿಪ್ಪತ್ತೆರಡು ರೂಪಾಯಿ. ಈ ಆರ್ಡರ್‌ಗೆ ಎರಡು ದರ ಬೇಕಾಗಿಯೇ ಇಲ್ಲ.

ಆದರೆ ಬರೀ ಬೆಂಡಿಂಗ್ ಇರುವ ಬ್ರಾಕೆಟ್ ಆರ್ಡರ್ ಬಂತು ಅನ್ನಿ. 40 ಗಂಟೆ ಕೆಲಸ, ಅದರಲ್ಲಿ 30 ಗಂಟೆ ಬ್ರೇಕ್ ಓಡುತ್ತದೆ. ಒಂದೇ ದರದಲ್ಲಿ ಓವರ್‌ಹೆಡ್ ₹5,000. ಎರಡು ದರದಲ್ಲಿ 4,375 + 6,000 = ₹10,375. ಎರಡು ಪಟ್ಟಿಗೂ ಜಾಸ್ತಿ. ಅಂಥ ಬ್ರಾಕೆಟ್‌ಗಳನ್ನು ನೀವು ಅಗ್ಗವಾಗಿ ಕೊಡುತ್ತಿದ್ದೀರಿ, ಗಿರಾಕಿಗಳು ಹುಡುಕಿಕೊಂಡು ಬರುತ್ತಿರುತ್ತಾರೆ.

ಶೀಟ್‌ಮೆಟಲ್_ಮೈಸೂರು

ಬ್ರಾಕೆಟ್ ಆರ್ಡರ್ ಯಾಕೋ ತುಂಬಾ ಬರುತ್ತದೆ ಅಂತ ನಮ್ಮವರು ಖುಷಿಯಲ್ಲಿದ್ದರು.

ಪೀಣ್ಯ_ಪ್ರೆಸ್‌ಶಾಪ್

ಹ್ಹಹ್ಹ. ಆ ಗಿರಾಕಿಗಳು ಹಿಂದೆ ನಮ್ಮ ಕಡೆ ಬರುತ್ತಿದ್ದವರೇ ಇರಬೇಕು.

ಒಂದು ಕೇಳಲಾ? ಹಾಕಿದ್ದು 210, ಆರ್ಡರ್ 200. ಉಳಿದ 10 ಏನಾಯಿತು? ಸ್ಟಾಕ್‌ನಲ್ಲಿದೆಯಾ?

ಶೀಟ್‌ಮೆಟಲ್_ಮೈಸೂರು

ಇಲ್ಲ ಸರ್, ರಿಜೆಕ್ಟ್. ಬಾಗಿಲು ಕೂರದೆ ಕೆಲವು, ಕೋಟಿಂಗ್ ಆದ ಮೇಲೆ ವೆಲ್ಡಿಂಗ್ ಗುರುತು ಕಂಡು ಕೆಲವು. ಹತ್ತೂ ಗುಜರಿಗೆ ಹೋಯಿತು, ₹2,000 ಸಿಕ್ಕಿತು.

ಸ್ಟೋರ್ಸ್_ಮಂಜ

ಮತ್ತೆ 210ರಿಂದ ಯಾಕೆ ಭಾಗಿಸಿದ್ದಾರೆ? ಗಿರಾಕಿ ದುಡ್ಡು ಕೊಡುವುದು 200ಕ್ಕೆ ತಾನೇ?

ಗಂಟೆಲೆಕ್ಕ

ಅದೇ ಮೂರನೇ ತಪ್ಪು. ಪಾಸ್ ಆದ ಬಾಕ್ಸ್‌ಗಳೇ ಪೂರ್ತಿ ಖರ್ಚು ಹೊರಬೇಕು. ಗುಜರಿಯಿಂದ ಬಂದದ್ದನ್ನು ಕಳೆಯಬೇಕು. ಶೀಟ್ ಮತ್ತೆ ಬರೆದರೆ:

ಮಾಲು: ₹1,34,400
ಕೂಲಿ, 315 x 100: ₹31,500
ಓಟಿ ಹೆಚ್ಚುವರಿ: ₹2,000
ಪೌಡರ್ ಕೋಟಿಂಗ್: ₹12,600
ಓವರ್‌ಹೆಡ್, 315 x 125: ₹39,375
ಒಟ್ಟು: ₹2,19,875
ಕಳೆ, ಗುಜರಿ: ₹2,000
ಉಳಿದದ್ದು: ₹2,17,875
ಭಾಗಿಸು 200: ₹1,089

ನೀವು ಮಾರಿದ್ದು ₹1,105ಕ್ಕೆ. ಉಳಿದದ್ದು ಬಾಕ್ಸ್‌ಗೆ ₹16. ಅದರಲ್ಲಿ ಆಫೀಸ್ ಖರ್ಚೂ ಬರಬೇಕಿತ್ತು.

ಶೀಟ್‌ಮೆಟಲ್_ಮೈಸೂರು

ಹಳೇ ಶೀಟ್ ₹118 ತೋರಿಸಿತ್ತು. ಈಗ ಮುಂದಿನ ಕೊಟೇಷನ್‌ಗೆ ₹1,089 ಮೇಲೆ 12% ಹಾಕಿದರೆ ₹1,220. ಅಷ್ಟಕ್ಕೆ ಗಿರಾಕಿ ಒಪ್ಪುವುದಿಲ್ಲ ಅಂತ ಈಗಲೇ ಗೊತ್ತು.

ಗಂಟೆಲೆಕ್ಕ

ಅವಸರ ಮಾಡಬೇಡಿ. ₹1,089 ಈ ಆರ್ಡರ್‌ಗೆ ನಿಜವಾಗಿ ಆದ ಖರ್ಚು. ಮುಂದಿನ ಬೆಲೆಗೆ ಅದೇ ಆಧಾರ ಆಗಬೇಕಿಲ್ಲ. ಎರಡು ಪ್ರಶ್ನೆ ಉಳಿದಿವೆ. ಓಟಿ ಯಾಕೆ ಆಯಿತು? ಸಾಮಾನ್ಯವಾಗಿ ನೂರಕ್ಕೆ ಎಷ್ಟು ರಿಜೆಕ್ಟ್ ಆಗುತ್ತದೆ?

ಶೀಟ್‌ಮೆಟಲ್_ಮೈಸೂರು

ಓಟಿ ಆದದ್ದು ಗಿರಾಕಿ ಒಂದು ವಾರ ಮುಂಚೆ ಬೇಕು ಅಂದದ್ದಕ್ಕೆ. ರಿಜೆಕ್ಷನ್ ಸಾಮಾನ್ಯವಾಗಿ ನೂರಕ್ಕೆ 3. ಈ ಸಲ ಹೊಸ ವೆಲ್ಡರ್ ಇದ್ದ, ಜಾಸ್ತಿ ಆಯಿತು.

ಗಂಟೆಲೆಕ್ಕ

ಹಾಗಾದರೆ 210 ಹಾಕಿದರೆ ಸುಮಾರು 6 ಹೋಗುವುದು ಮಾಮೂಲಿ, 204 ಪಾಸ್ ಆಗಬೇಕಿತ್ತು. ಆ 6ರ ನಷ್ಟ ಬಾಕ್ಸ್‌ನ ಬೆಲೆಯಲ್ಲೇ ಇರಲಿ. ಉಳಿದ 4 ಹೊಸ ವೆಲ್ಡರ್‌ನಿಂದ ಆದ ನಷ್ಟ, ಮುಂದಿನ ಗಿರಾಕಿ ಅದನ್ನು ಯಾಕೆ ಹೊರಬೇಕು? ಮಾಮೂಲಿ 6ರ ಗುಜರಿ ₹1,200 ಕಳೆದರೆ 2,18,675. 204ರಿಂದ ಭಾಗಿಸಿದರೆ ₹1,072. ಹೆಚ್ಚಾದ 4 ಬಾಕ್ಸ್‌ನ ಖರ್ಚಿನಲ್ಲಿ ಅವುಗಳ ಗುಜರಿ ₹800 ಕಳೆದು, ಸುಮಾರು ₹3,490 ನೇರ ಲಾಭ ನಷ್ಟಕ್ಕೆ.

ಓಟಿ ಆ ಗಿರಾಕಿಯ ಅವಸರಕ್ಕೆ ಆದದ್ದು. ಈ ಆರ್ಡರ್‌ನ ಮೇಲೆ ಹಾಕಿದ್ದು ಸರಿ. ಅವಸರ ಇಲ್ಲದ ಆರ್ಡರ್‌ಗೆ ಆ ₹2,000 ತೆಗೆದರೆ ₹1,062. ಕೊಟೇಷನ್ ಅಲ್ಲಿಂದ ಶುರು ಮಾಡಿ. 12% ಹಾಕಿದರೆ ₹1,190ರ ಆಸುಪಾಸು. ಶೆಡ್ಡಿನಲ್ಲಿ ಕೆಲಸವೇ ಇಲ್ಲದಿದ್ದರೆ ₹1,062ಕ್ಕಿಂತ ಕೆಳಗೂ ಒಂದು ಆರ್ಡರ್ ಹಿಡಿಯಬಹುದು. ಎಷ್ಟು ಕೆಳಗೆ ಅಂತ ಮಾಲೀಕರಿಗೆ ಗೊತ್ತಿರಬೇಕು, ಅಷ್ಟೇ.

ಬಿಕಾಂ_ಬಸು_ಹುಬ್ಬಳ್ಳಿ

ಹೊಸ ವೆಲ್ಡರ್ ಅಂದರೆ ಅಸಾಮಾನ್ಯ ಅಂತ ಹೇಗೆ ಒಪ್ಪುವುದು? ವೆಲ್ಡರ್‌ಗಳು ಬಿಟ್ಟು ಹೋಗುತ್ತಲೇ ಇರುತ್ತಾರೆ. ವರ್ಷಕ್ಕೆ ಒಬ್ಬ ಹೊಸಬ ಬರುತ್ತಾನೆ ಅಂದರೆ ಅದೂ ಮಾಮೂಲಿಯೇ. 3 ಅಲ್ಲ, 4 ಅಂತ ಹಿಡಿಯಬೇಕು.

ಗಂಟೆಲೆಕ್ಕ

ಹಿಡಿಯಬಹುದು. ವರ್ಷದ ರಿಜೆಕ್ಷನ್ ಪುಸ್ತಕ ನೋಡದೆ ನಾನು ಹೌದೂ ಅನ್ನಲ್ಲ, ಇಲ್ಲವೂ ಅನ್ನಲ್ಲ.

ಬ್ರೇಕ್_ಆಪರೇಟರ್

ಬಾಗಿಲು ಕೂರದೆ ಇದ್ದದ್ದನ್ನು ತಟ್ಟಿ ಸರಿ ಮಾಡಿ ಪಾಸ್ ಮಾಡಿದ ಬಾಕ್ಸ್‌ಗಳೂ ಇರುತ್ತವಲ್ಲ, ಆ ಗಂಟೆ 315ರ ಒಳಗೆ ಇದೆಯಾ? ನಮ್ಮಲ್ಲಿ ರಿವರ್ಕ್ ಮಾಡುವಾಗ ಯಾರೂ ಕಾರ್ಡ್ ತೆಗೆಯುವುದಿಲ್ಲ.

ಶೀಟ್‌ಮೆಟಲ್_ಮೈಸೂರು

ಈಗಷ್ಟೇ ಸೂಪರ್‌ವೈಸರ್‌ನ ಕೇಳಿ ಬಂದೆ. ನಮ್ಮಲ್ಲೂ ಬರೆಯುವುದಿಲ್ಲವಂತೆ. ಎಲ್ಲ ಕಾರ್ಡಿನಲ್ಲೂ ಸರಿಯಾಗಿ ಬಾಕ್ಸ್‌ಗೆ 1.5 ಅಂತ ಯಾಕೆ ಬರುತ್ತದೆ ಅಂತ ಈಗ ಅನುಮಾನ ಶುರುವಾಗಿದೆ. ಬಾಕ್ಸ್ ಎಣಿಸಿ ಒಂದೂವರೆಯಿಂದ ಗುಣಿಸಿ ಬರೆಯುತ್ತಿದ್ದಾರೋ ಏನೋ.

ಗಂಟೆಲೆಕ್ಕ

ಹಾಗೆ ಬರೆಯುತ್ತಿದ್ದರೆ 19,200 ಕೂಡ ಗುಣಿಸಿ ಬಂದ ಅಂಕಿಯೇ. ಮುಂದಿನ ಬ್ಯಾಚ್‌ಗೆ ಕಾರ್ಡಿನಲ್ಲಿ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಅಂತ ಎರಡು ಕಾಲಂ ಹಾಕಿಸಿ. ರಿವರ್ಕ್‌ಗೆ ಬೇರೆ ಬಣ್ಣದ ಕಾರ್ಡ್ ಕೊಡಿ. ಒಂದು ತಿಂಗಳ ಕಾರ್ಡ್ ಸೇರಿದ ಮೇಲೆ ಅಂಕಿ ಇಲ್ಲಿ ಹಾಕಿ, ದರ ಮತ್ತೆ ತೆಗೆಯೋಣ. ಅಲ್ಲಿಯವರೆಗೆ ₹125ರಲ್ಲೇ ಕೊಟೇಷನ್ ಕೊಡಿ, ₹80ಕ್ಕೆ ಮಾತ್ರ ವಾಪಸ್ ಹೋಗಬೇಡಿ.